ಊರಿನ ನೋ ಕ್ಲೈಮ್ ಬೋನಸ್ ಪರದೇಶದಲ್ಲಿ ನಡೆಯುತ್ತದೆಯೇ?

ಮೈಸೂರಿನ ಸಿದ್ಧಾರ್ಥನಗರದಂತಹ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ, ಪೋರ್ಟಿಕೋದಲ್ಲಿ ಕವರ್ ಹೊದ್ದು ನಿಂತ ಕಾರುಗಳು ಕಾಣುತ್ತವೆ. ವಿಚಾರಿಸಿದರೆ ಅವುಗಳಲ್ಲಿ ಕೆಲವದರ ಮಾಲೀಕರು ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಇರುತ್ತಾರೆ. ಊರು ಬಿಡುವ ಮುನ್ನ ಇಂಥ ಮನೆಗಳಲ್ಲಿ ನಡೆಯುವ ಮಾತುಕತೆಯಲ್ಲಿ ಎರಡು ನಂಬಿಕೆಗಳು ಕೇಳಿಬರುತ್ತವೆ. ಒಂದು, "ಇಷ್ಟು ವರ್ಷ ಒಂದು ಗೀರೂ ಬೀಳದ ಹಾಗೆ ಓಡಿಸಿದ್ದೀನಿ, ಶೇ. 50 ಬೋನಸ್ ಇದೆ, ಅಲ್ಲಿ ಅರ್ಧ ದುಡ್ಡಿಗೆ ಇನ್ಶೂರೆನ್ಸ್ ಸಿಗುತ್ತೆ" ಎನ್ನುವುದು. ಇನ್ನೊಂದು ಇದರ ತದ್ವಿರುದ್ಧ: "ಇಲ್ಲಿಯ ಕಾಗದ ಅಲ್ಲಿ ಯಾರೂ ಮೂಸಿಯೂ ನೋಡಲ್ಲ, ಹೊತ್ತುಕೊಂಡು ಹೋಗೋದೇ ದಂಡ."

ನಾವು ಈ ಎರಡನ್ನೂ ಪರಿಶೀಲಿಸಿದೆವು. ಮೊದಲನೆಯದು ತಪ್ಪು. ಎರಡನೆಯದು ಬಹುಮಟ್ಟಿಗೆ ನಿಜವಾದರೂ ಪೂರ್ತಿ ನಿಜವಲ್ಲ. ಭಾರತದ ನೋ ಕ್ಲೈಮ್ ಬೋನಸ್ಸನ್ನು ಒಪ್ಪಲೇಬೇಕು ಎಂಬ ಕಟ್ಟುಪಾಡು ಬ್ರಿಟನ್ನಿನ ಕಂಪನಿಗಳಿಗೆ ಇಲ್ಲ, ಒಪ್ಪಬಾರದೆಂಬ ತಡೆಯೂ ಇಲ್ಲ. ಅದು ಆಯಾ ವಿಮಾ ಕಂಪನಿಯ ಇಷ್ಟ. ಹೆಚ್ಚಿನವು ಒಪ್ಪುವುದಿಲ್ಲ, ಕೆಲವು ಭಾಗಶಃ ಒಪ್ಪುತ್ತವೆ. ಒಪ್ಪುವ ಕಂಪನಿ ಸಿಕ್ಕರೂ ನಮ್ಮ ಕೈಯಲ್ಲಿರುವ ಕಾಗದ ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವಂತಿರಬೇಕು. ಅಲ್ಲೇ ಹೆಚ್ಚಿನವರು ಎಡವುವುದು.

ಬೋನಸ್ ಅಳೆಯುವುದು ಏನನ್ನು?

ನಮ್ಮ ಕಾರಿನ ಪಾಲಿಸಿಯನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಎರಡು ಭಾಗಗಳಿವೆ. ನಮ್ಮದೇ ಕಾರಿಗೆ ಆದ ಹಾನಿಗೆ ಸಿಗುವ ರಕ್ಷಣೆ ಒಂದು, ಅದನ್ನು ಓನ್ ಡ್ಯಾಮೇಜ್ ಎನ್ನುತ್ತಾರೆ. ನಮ್ಮ ಕಾರಿನಿಂದ ಬೇರೆಯವರಿಗೆ ಆದ ಸಾವು, ಗಾಯ, ನಷ್ಟಕ್ಕೆ ಇರುವುದು ಥರ್ಡ್ ಪಾರ್ಟಿ. ಕಾನೂನು ಕಡ್ಡಾಯ ಮಾಡಿರುವುದು ಈ ಎರಡನೆಯದನ್ನು ಮಾತ್ರ.

ನೋ ಕ್ಲೈಮ್ ಬೋನಸ್, ಅಂದರೆ ಎನ್‌ಸಿಬಿ, ಸಿಗುವುದು ಮೊದಲನೆಯ ಭಾಗದ ಮೇಲೆ ಮಾತ್ರ. ಒಂದು ವರ್ಷ ಕ್ಲೈಮ್ ಮಾಡದಿದ್ದರೆ ಶೇ. 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಂತಿತು. ಆಮೇಲೆ ಹದಿನೈದು ವರ್ಷ ಕ್ಲೈಮ್ ಮಾಡದಿದ್ದರೂ ಅದು 50ರಲ್ಲೇ ಇರುತ್ತದೆ. ನಡುವೆ ಒಂದು ಕ್ಲೈಮ್ ಆಯಿತೋ, ಮತ್ತೆ ಸೊನ್ನೆಯಿಂದ ಶುರು. 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿ ಬರೆದಿಟ್ಟ ಮೆಟ್ಟಿಲುಗಳಿವು. ಕಂಪನಿಗಳು ಇವತ್ತಿಗೂ ಇವನ್ನೇ ಅನುಸರಿಸುತ್ತವೆ.

ಹಾಗಾಗಿ "ಅರ್ಧ ದುಡ್ಡು" ಎಂಬ ಮಾತು ನಮ್ಮೂರಿನಲ್ಲೇ ನಿಜವಲ್ಲ. ಒಂದು ಲೆಕ್ಕ ಹಾಕೋಣ. 1000 ಸಿಸಿಗಿಂತ ದೊಡ್ಡದಾದ, 1500 ಸಿಸಿ ಮೀರದ ಕಾರಿಗೆ ಸರ್ಕಾರ 2022ರ ಜೂನ್ 1ರಿಂದ ನಿಗದಿ ಮಾಡಿದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂಪಾಯಿ. ಓನ್ ಡ್ಯಾಮೇಜ್ ಭಾಗ 12,000 ರೂಪಾಯಿ ಎಂದು ಇಟ್ಟುಕೊಳ್ಳಿ (ಇದು ಲೆಕ್ಕಕ್ಕಾಗಿ ನಾವೇ ಹಾಕಿಕೊಂಡ ಅಂಕಿ). ಬೋನಸ್ ಇಲ್ಲದಿದ್ದರೆ ಒಟ್ಟು 15,416. ಶೇ. 50 ಬೋನಸ್ ಇದ್ದರೆ 12,000 ಹೋಗಿ 6,000 ಆಗುತ್ತದೆ, 3,416 ಹಾಗೇ ಉಳಿಯುತ್ತದೆ, ಒಟ್ಟು 9,416. ತೆರಿಗೆ ಬಿಟ್ಟು ನೋಡಿದರೆ ಉಳಿತಾಯ ಸುಮಾರು ಶೇ. 39.

ಇಲ್ಲಿ ಗಮನಿಸಬೇಕಾದ ಸಂಗತಿ ಆ 3,416 ರೂಪಾಯಿ. ಅದು ಎಂಜಿನ್ನಿನ ಗಾತ್ರ ನೋಡಿ ನಿಗದಿಯಾದದ್ದು. ಓಡಿಸುವವರು ನಿಧಾನಸ್ಥರೇ, ಅವಸರದವರೇ, ಮೊನ್ನೆ ಲೈಸೆನ್ಸ್ ಪಡೆದವರೇ, ಮೂವತ್ತು ವರ್ಷದ ಅನುಭವಿಗಳೇ ಎಂದು ಅದು ಕೇಳುವುದೇ ಇಲ್ಲ. ಇಂಗ್ಲೆಂಡಿನಂತಹ ದೇಶದಲ್ಲಿ ವಿಮಾ ಕಂಪನಿ ಎಲ್ಲಕ್ಕಿಂತ ಹೆದರುವುದು ಇದೇ ಭಾಗಕ್ಕೆ. ನಮ್ಮಿಂದ ಯಾರಿಗಾದರೂ ಗಾಯವಾದರೆ ಅವರಿಗೆ ಕೊಡಬೇಕಾದ ಪರಿಹಾರ ಲಕ್ಷಾಂತರ ಪೌಂಡ್ ಆಗಬಹುದು. ಆ ಅಪಾಯಕ್ಕೆ ತಕ್ಕಂತೆ ಅವರು ಪ್ರತಿಯೊಬ್ಬ ಚಾಲಕರಿಗೂ ಬೇರೆ ಬೇರೆ ಬೆಲೆ ಹಾಕುತ್ತಾರೆ. ಭಾರತದಲ್ಲಿ ನಮ್ಮ ಆ ಅಪಾಯಕ್ಕೆ ಯಾರೂ ಬೆಲೆ ಕಟ್ಟಿಯೇ ಇಲ್ಲ. ಬಂಪರ್ ಬದಲಿಸಲು ನಾವು ದುಡ್ಡು ಕೇಳಲಿಲ್ಲ ಎನ್ನುವುದಷ್ಟನ್ನೇ ನಮ್ಮ ಎನ್‌ಸಿಬಿ ಹೇಳುತ್ತದೆ.

ಇನ್ನೂ ಒಂದು ತೊಡಕಿದೆ. ನಮ್ಮಲ್ಲಿ ವಿಮೆ ಅಂಟಿಕೊಂಡಿರುವುದು ವಾಹನಕ್ಕೆ. ಮಾಲೀಕರ ಹೆಸರಿನಲ್ಲಿ ಪಾಲಿಸಿ ಇರುತ್ತದೆ, ಸರಿಯಾದ ಲೈಸೆನ್ಸ್ ಇದ್ದು ಮಾಲೀಕರ ಅನುಮತಿ ಇರುವ ಯಾರು ಬೇಕಾದರೂ ಓಡಿಸಬಹುದು. ಡ್ರೈವರ್ ಇಟ್ಟುಕೊಂಡು, ತಾವು ಸ್ಟೀರಿಂಗ್ ಮುಟ್ಟದೇ ಇರುವ ಮಾಲೀಕರಿಗೂ ಐದು ವರ್ಷಕ್ಕೆ ಶೇ. 50 ಬೋನಸ್ ಬರುತ್ತದೆ. ಬ್ರಿಟನ್ನಿನ ಸಾಮಾನ್ಯ ಪಾಲಿಸಿಯಲ್ಲಿ ಓಡಿಸುವವರ ಹೆಸರುಗಳನ್ನು ಬರೆದಿರುತ್ತಾರೆ. ಹೆಸರಿಲ್ಲದವರು ಓಡಿಸಿದರೆ ವಿಮೆ ಇಲ್ಲದೆ ಓಡಿಸಿದಂತೆ. ಹಾಗಿರುವಾಗ ಅಲ್ಲಿಯ ಕಂಪನಿ ನಮ್ಮ ಬೋನಸ್ ಪತ್ರ ನೋಡಿ "ಇದು ನಿಮ್ಮ ಚಾಲನೆಯ ದಾಖಲೆ ಹೇಗಾಯಿತು?" ಎಂದು ಕೇಳಿದರೆ ಅದು ತಾರತಮ್ಯವೇನಲ್ಲ. ನ್ಯಾಯವಾದ ಪ್ರಶ್ನೆಯೇ.

ಅಕ್ಕ ಮತ್ತು ತಮ್ಮ

ಈಗ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸಿದ್ಧಾರ್ಥನಗರದ ಅಕ್ಕ ತಮ್ಮ ಇಬ್ಬರಿಗೂ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ. ಅಕ್ಕನ ಬಳಿ ಸ್ವಂತ ಕಾರಿತ್ತು, ಕೆಎ 55 ನೋಂದಣಿ, ಐದು ವರ್ಷ ಒಂದೂ ಕ್ಲೈಮ್ ಇಲ್ಲ, ಶೇ. 50 ಬೋನಸ್. ತಮ್ಮ ಓಡಿಸುತ್ತಿದ್ದುದು ಅಪ್ಪನ ಕಾರು. ಹತ್ತು ವರ್ಷದಿಂದ ಲೈಸೆನ್ಸ್ ಇದೆ, ಮನೆಯಲ್ಲಿ ಹೆಚ್ಚು ಓಡಿಸಿದ್ದೂ ಅವನೇ.

ತಮ್ಮನ ವಿಚಾರ ಬೇಗ ಮುಗಿಯುತ್ತದೆ. ಅವನಿಗೆ ಬೋನಸ್ಸೇ ಇಲ್ಲ. ಅದೆಲ್ಲ ಅಪ್ಪನ ಹೆಸರಿನಲ್ಲಿ ಜಮೆಯಾಗಿದೆ, ಅಪ್ಪ ಬದುಕಿರುವಾಗ ಮಗನಿಗೆ ವರ್ಗಾವಣೆ ಆಗುವುದಿಲ್ಲ. ಅವನ ಕೈಯಲ್ಲಿರುವುದು ಲೈಸೆನ್ಸ್ ಮಾತ್ರ. ಅದರ ಬೆಲೆ ಎಷ್ಟೆಂಬುದನ್ನು ಮುಂದೆ ನೋಡೋಣ.

ಅಕ್ಕನದು ಸ್ವಲ್ಪ ದೀರ್ಘ ಕಥೆ. ಬ್ರಿಟನ್ನಿನ ಫಾರ್ಮ್ "ನಿಮಗೆ ಎಷ್ಟು ಶೇಕಡಾ ಬೋನಸ್ ಇದೆ?" ಎಂದು ಕೇಳುವುದಿಲ್ಲ. "ಎಷ್ಟು ವರ್ಷದ ನೋ ಕ್ಲೈಮ್ ಇದೆ?" ಎಂದು ಕೇಳುತ್ತದೆ. ಅಕ್ಕ "ಐದು" ಎಂದು ಒತ್ತಿಬಿಡುವುದು ಸಹಜ. ಆದರೆ ಆ ಪ್ರಶ್ನೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುವ ವಿವರಣೆಯನ್ನು ತೆರೆದರೆ, ಹಲವು ಕಂಪನಿಗಳಲ್ಲಿ ಮೂರು ಷರತ್ತು ಕಾಣುತ್ತವೆ. ಆ ವರ್ಷಗಳು ಬ್ರಿಟನ್ನಿನಲ್ಲಿ ಅಥವಾ ಕಂಪನಿ ಹೆಸರಿಸಿದ ದೇಶಗಳಲ್ಲಿ ಗಳಿಸಿದ್ದಾಗಿರಬೇಕು. ಪಾಲಿಸಿ ಮುಗಿದು ಸಾಮಾನ್ಯವಾಗಿ ಎರಡು ವರ್ಷ ಮೀರಿರಬಾರದು. ಅದೇ ಬೋನಸ್ ಈಗ ಬೇರೊಂದು ಕಾರಿನ ಮೇಲೆ ಬಳಕೆಯಲ್ಲಿ ಇರಬಾರದು.

ಈ ಮೂರನೆಯ ಷರತ್ತು ನಮ್ಮ ಮನೆಗಳಿಗೆ ನೇರವಾಗಿ ತಾಗುತ್ತದೆ. ಅಕ್ಕ ಕಾರು ಮಾರದೆ ಅಪ್ಪ ಅಮ್ಮನಿಗಾಗಿ ಬಿಟ್ಟುಹೋಗಿದ್ದಾಳೆ ಎನ್ನಿ. ಪಾಲಿಸಿ ಅವಳ ಹೆಸರಿನಲ್ಲೇ ನವೀಕರಣವಾಗುತ್ತಿದೆ, ಶೇ. 50 ರಿಯಾಯಿತಿ ಮೈಸೂರಿನಲ್ಲಿ ಖರ್ಚಾಗುತ್ತಿದೆ. ಆಗ ಅದೇ ಐದು ವರ್ಷವನ್ನು ಇಂಗ್ಲೆಂಡಿನಲ್ಲಿ ಮತ್ತೆ ತೋರಿಸುವಂತಿಲ್ಲ. ಒಂದು ಬೋನಸ್ ಒಂದು ಕಾರಿಗೆ. ಮಾರಿ ಹೋದವರ ಕೈಯಲ್ಲಿ ಮಾತ್ರ ಅದು ಬಿಡಿಯಾಗಿ ಉಳಿದಿರುತ್ತದೆ.

ಇದನ್ನೆಲ್ಲ ಓದದೆ "ಐದು" ಎಂದು ಹಾಕಿದರೆ ಏನಾಗುತ್ತದೆ? ಮೊದಲಿಗೆ ಏನೂ ಆಗುವುದಿಲ್ಲ, ಕಡಿಮೆ ಬೆಲೆ ಬರುತ್ತದೆ, ಕಾರ್ಡು ಉಜ್ಜಿ ಪಾಲಿಸಿಯೂ ಸಿಗುತ್ತದೆ. ಆಮೇಲೆ ಕಂಪನಿ ಪುರಾವೆ ಕೇಳುತ್ತದೆ, ಅದಕ್ಕೊಂದು ಗಡುವು ಇರುತ್ತದೆ. ಭಾರತದ ಪತ್ರ ಒಪ್ಪಿಗೆಯಾಗದಿದ್ದರೆ ವ್ಯತ್ಯಾಸದ ಹಣ ಕಟ್ಟಿ ಎನ್ನಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ರದ್ದಾಯಿತೆಂದರೆ ಆ ಸಂಗತಿಯೇ ಬೆನ್ನು ಹತ್ತುತ್ತದೆ. "ನಿಮ್ಮ ಪಾಲಿಸಿಯನ್ನು ಯಾವುದಾದರೂ ಕಂಪನಿ ಹಿಂದೆ ರದ್ದುಗೊಳಿಸಿದೆಯೇ?" ಎಂಬ ಪ್ರಶ್ನೆ ಮುಂದಿನ ಫಾರ್ಮ್‌ಗಳಲ್ಲಿ ಬರುತ್ತದೆ, ಹೌದು ಎಂದರೆ ಬೆಲೆ ಏರುತ್ತದೆ.

ಪುರಾವೆ ಕೇಳದೇ ಇದ್ದರೆ ಇನ್ನೂ ಅಪಾಯ, ಏಕೆಂದರೆ ತಪ್ಪು ಹೊರಬೀಳುವುದು ಅಪಘಾತದ ನಂತರ. ಬ್ರಿಟನ್ನಿನಲ್ಲಿ ಇದಕ್ಕೆಂದೇ 2012ರ ಒಂದು ಕಾಯ್ದೆ ಇದೆ: ಗ್ರಾಹಕ ವಿಮೆ (ಮಾಹಿತಿ ಬಹಿರಂಗ ಮತ್ತು ಹೇಳಿಕೆಗಳ) ಕಾಯ್ದೆ. ಕೇಳಿದ ಪ್ರಶ್ನೆಗೆ ಸಾಕಷ್ಟು ಎಚ್ಚರ ವಹಿಸಿ ಉತ್ತರಿಸುವುದು ಗ್ರಾಹಕರ ಹೊಣೆ ಎಂದು ಅದು ಹೇಳುತ್ತದೆ. ತಪ್ಪು ಉತ್ತರ ಅಜಾಗರೂಕತೆಯಿಂದ ಆಗಿದ್ದು, ಸರಿಯಾಗಿ ಹೇಳಿದ್ದರೆ ಕಂಪನಿ ಹೆಚ್ಚು ಪ್ರೀಮಿಯಂ ಕೇಳುತ್ತಿತ್ತು ಎಂದಾದರೆ, ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕಡಿತ ಮಾಡಬಹುದು.

ಅಕ್ಕನ ಮೇಲೆಯೇ ಲೆಕ್ಕ ಹಾಕಿ ನೋಡೋಣ, ಅಂಕಿಗಳು ಮತ್ತೆ ಊಹೆಯವು. ಸೊನ್ನೆ ವರ್ಷ ಎಂದಿದ್ದರೆ ಅವಳು 2,000 ಪೌಂಡ್ ಕಟ್ಟಬೇಕಿತ್ತು. ಐದು ಎಂದು ಹಾಕಿ 1,400 ಕಟ್ಟಿದ್ದಾಳೆ. ಅಂದರೆ ಕಟ್ಟಬೇಕಾದದ್ದರ ಶೇ. 70. ಮಳೆಯಲ್ಲಿ ಜಾರಿ ಕಾರು ಜಖಂ ಆಗಿ 5,000 ಪೌಂಡ್ ರಿಪೇರಿ ಬಂತು. ಕಂಪನಿ 3,500 ಮಾತ್ರ ಕೊಡಬಹುದು. 600 ಪೌಂಡ್ ಉಳಿಸಲು ಹೋಗಿ 1,500 ಹೋಯಿತು. ಬೇಕೆಂದೇ ಸುಳ್ಳು ಹೇಳಿದ್ದೆಂದು ಕಂಡುಬಂದರೆ ಕಂಪನಿ ಪಾಲಿಸಿಯನ್ನೇ ಅಸಿಂಧು ಮಾಡಬಹುದು, ಕ್ಲೈಮ್ ನಿರಾಕರಿಸಬಹುದು, ಕಟ್ಟಿದ ಪ್ರೀಮಿಯಮ್ಮನ್ನೂ ಹಿಂದಿರುಗಿಸಬೇಕಿಲ್ಲ.

ಹಾಗಾದರೆ ಅಕ್ಕ ಏನು ಮಾಡಬೇಕು? ಮೊದಲು ಸೊನ್ನೆ ವರ್ಷ ಎಂದು ಹಾಕಿ ಬೆಲೆ ನೋಡಬೇಕು. ಅದು ಅವಳ ಗರಿಷ್ಠ ಬೆಲೆ, ಯಾವ ಕಾಗದವೂ ಬೇಡದ ಬೆಲೆ. ಆಮೇಲೆ ಮೂರು ನಾಲ್ಕು ಕಂಪನಿಗಳಿಗೋ ಬ್ರೋಕರ್‌ಗೋ ಫೋನ್ ಮಾಡಿ, "ಭಾರತದಲ್ಲಿ ಗಳಿಸಿದ ನೋ ಕ್ಲೈಮ್ ವರ್ಷಗಳನ್ನು ಒಪ್ಪುತ್ತೀರಾ? ಒಪ್ಪಿದರೆ ಎಷ್ಟು ವರ್ಷ? ಯಾವ ಪತ್ರ ಬೇಕು?" ಎಂದು ಕೇಳಬೇಕು. ಒಪ್ಪುತ್ತೇವೆ ಎಂದವರಿಂದ ಅದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಬೇಕು. ಇಷ್ಟು ಮಾಡಿ ಬಂದ ಬೆಲೆ ಸೊನ್ನೆ ವರ್ಷದ ಬೆಲೆಗಿಂತ ಹೆಚ್ಚಿರಲೂಬಹುದು ಎಂಬುದನ್ನು ಮರೆಯಬಾರದು. ಬೋನಸ್ ಒಪ್ಪುವ ಕಂಪನಿಯ ಮೂಲ ದರವೇ ದುಬಾರಿಯಾಗಿರುವುದುಂಟು. ನೋಡಬೇಕಾದದ್ದು ಕೊನೆಗೆ ಕಟ್ಟುವ ಮೊತ್ತವನ್ನು. ರಿಯಾಯಿತಿಯ ಶೇಕಡಾವಾರು ನೋಡಿ ಮರುಳಾದರೆ ಪ್ರಯೋಜನವಿಲ್ಲ.

ಬೋನಸ್ ಎಣಿಕೆಗೆ ಬರದಿದ್ದರೂ ಕ್ಲೈಮ್ ಎಣಿಕೆಗೆ ಬರುತ್ತದೆ

ಇದು ಕೇಳಲು ಅನ್ಯಾಯ ಅನಿಸುತ್ತದೆ, ಆದರೆ ಹಾಗೇ ಇದೆ. ಬ್ರಿಟನ್ನಿನ ಫಾರ್ಮ್‌ಗಳಲ್ಲಿ ಸಾಮಾನ್ಯವಾಗಿ "ಕಳೆದ ಐದು ವರ್ಷದಲ್ಲಿ ಅಪಘಾತ, ಕ್ಲೈಮ್ ಅಥವಾ ನಷ್ಟ ಆಗಿದೆಯೇ, ತಪ್ಪು ಯಾರದೇ ಆಗಿರಲಿ" ಎಂಬ ಪ್ರಶ್ನೆ ಇರುತ್ತದೆ. ಪ್ರಶ್ನೆಯಲ್ಲಿ ಬ್ರಿಟನ್ನಿನಲ್ಲಿ ಎಂಬ ಮಾತು ಇಲ್ಲದಿದ್ದರೆ, ಮೈಸೂರಿನ ರಿಂಗ್ ರೋಡಿನಲ್ಲಿ ಆದದ್ದೂ ಅದರೊಳಗೆ ಬರುತ್ತದೆ. "ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳುವವರಿದ್ದಾರೆ. ಬೋನಸ್ ಪಡೆಯಲು ನಾವೇ ಕೊಟ್ಟ ಪತ್ರದಿಂದಲೇ ಗೊತ್ತಾಗಬಹುದು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಗುಂಡಿ ನಮ್ಮ ಎನ್‌ಸಿಬಿ ಪ್ರೊಟೆಕ್ಟ್. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಇದನ್ನು ತೆಗೆದುಕೊಂಡವರಿಗೆ, ಷರತ್ತಿನೊಳಗಿನ ಕ್ಲೈಮ್ ಮಾಡಿದರೂ ಬೋನಸ್ ಇಳಿಯುವುದಿಲ್ಲ. ಅಂದರೆ ಶೇ. 50 ಇದೆ ಎಂದ ಮಾತ್ರಕ್ಕೆ ಐದು ವರ್ಷ ಕ್ಲೈಮ್ ಇರಲಿಲ್ಲ ಎಂದಲ್ಲ. ನಮ್ಮ ಪತ್ರದಲ್ಲಿನ ಶೇಕಡಾವಾರನ್ನು ವರ್ಷಕ್ಕೆ ತಿರುಗಿಸಿ ಫಾರ್ಮ್‌ನಲ್ಲಿ ಹಾಕುವವರು, ಆ ವರ್ಷಗಳಲ್ಲಿ ನಿಜಕ್ಕೂ ಏನೇನಾಗಿತ್ತು ಎಂದು ಒಮ್ಮೆ ಹಳೆಯ ಪಾಲಿಸಿಗಳನ್ನು ತೆಗೆದು ನೋಡಬೇಕು.

ಲೈಸೆನ್ಸ್ ಬೇರೆ, ವಿಮೆ ಬೇರೆ

ಈಗ ತಮ್ಮನ ಕಡೆಗೆ ಬರೋಣ. ಬ್ರಿಟನ್ನಿನಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಭಾರತದ ಲೈಸೆನ್ಸ್‌ನಲ್ಲಿ ಕಾರು ಓಡಿಸಬಹುದು. ಆಮೇಲೆ ಅಲ್ಲಿಯ ಲೈಸೆನ್ಸ್ ಬೇಕು. ಭಾರತದ ಲೈಸೆನ್ಸನ್ನು ಹಾಗೇ ಬದಲಾಯಿಸಿಕೊಡುವ ವ್ಯವಸ್ಥೆ ಇಲ್ಲ, ಲಿಖಿತ ಪರೀಕ್ಷೆ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಆ 12 ತಿಂಗಳು ಮುಗಿದ ಮೇಲೆ ಹಳೆಯ ಲೈಸೆನ್ಸ್‌ನಲ್ಲೇ ಓಡಿಸಿದರೆ, ದುಡ್ಡು ಕಟ್ಟಿದ ಪಾಲಿಸಿಯೂ ಕೈಕೊಡಬಹುದು. ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಅಲ್ಲಿ ಸ್ಥಳದಲ್ಲೇ ಹಾಕುವ ದಂಡ 300 ಪೌಂಡ್, ಜೊತೆಗೆ ಲೈಸೆನ್ಸ್ ಮೇಲೆ 6 ಪಾಯಿಂಟ್.

ಕಾನೂನು ಓಡಿಸಲು ಬಿಡುತ್ತದೆ ಎಂದಮೇಲೆ ವಿಮಾ ಕಂಪನಿಯೂ ಅದೇ ಗೌರವ ಕೊಡಬೇಕಲ್ಲ ಎಂದು ತಮ್ಮನಿಗೆ ಅನಿಸಬಹುದು. ಹಾಗೇನಿಲ್ಲ. ಫಾರ್ಮ್‌ನಲ್ಲಿ ಲೈಸೆನ್ಸಿನ ಬಗೆ ಯಾವುದು, ಎಷ್ಟು ವರ್ಷದಿಂದ ಇದೆ ಎಂದು ಕೇಳುತ್ತಾರೆ. ಹೊರದೇಶದ ಲೈಸೆನ್ಸ್ ಎಂದರೆ ಕೆಲವು ಕಂಪನಿಗಳು ಬೆಲೆಯನ್ನೇ ಹೇಳುವುದಿಲ್ಲ, ಹೇಳುವವು ಹೆಚ್ಚು ಹೇಳುತ್ತವೆ. ಪರೀಕ್ಷೆ ಪಾಸಾಗಿ ಅಲ್ಲಿಯ ಲೈಸೆನ್ಸ್ ಬಂದ ಮೇಲೆ ದಾರಿ ಸುಗಮವಾಗುತ್ತದೆ. ಆದರೆ ಕೆಲವರು ಅನುಭವವನ್ನು ಆ ದಿನದಿಂದಲೇ ಎಣಿಸುವುದರಿಂದ ಹತ್ತು ವರ್ಷದ ತಮ್ಮ ಕಾಗದದ ಮೇಲೆ ಹೊಸ ಚಾಲಕನಾಗುತ್ತಾನೆ. ಅದಕ್ಕೇ ಬೆಲೆ ಕೇಳುವಾಗ ಭಾರತದ ಲೈಸೆನ್ಸ್ ಮೊದಲು ಸಿಕ್ಕ ದಿನಾಂಕವನ್ನೂ ಹೇಳಿ, ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂದು ಕೇಳಬೇಕು. ಆ ದಿನಾಂಕಕ್ಕೆ ಸಾಕ್ಷಿಯಾಗಿ ಆರ್‌ಟಿಓದಿಂದ ಡಿಎಲ್ ಎಕ್ಸ್‌ಟ್ರ್ಯಾಕ್ಟ್ ತೆಗೆದುಕೊಂಡು ಹೋಗಬಹುದು. parivahan.gov.in ಮೂಲಕ ಸಿಗುವ ಸಾರಥಿ ಸೇವೆಗಳಲ್ಲಿ ಇದಕ್ಕೂ ಅರ್ಜಿ ಇದೆ. ಒಂದು ವರ್ಷ ನಡೆಯುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಈ ಕೆಲಸಕ್ಕೆ ಬರುವುದಿಲ್ಲ. ಅದು ನಮ್ಮ ಲೈಸೆನ್ಸಿನ ಅನುವಾದವಿದ್ದ ಹಾಗೆ, ಎಷ್ಟು ವರ್ಷ ಓಡಿಸಿದ್ದೇವೆ, ಹೇಗೆ ಓಡಿಸಿದ್ದೇವೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಲೈಸೆನ್ಸ್ ಮತ್ತು ವಿಮೆ ಬೇರೆ ಬೇರೆ ಎಂಬುದು ಕೆನಡಾದ ಒಂಟಾರಿಯೊದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಭಾರತದಲ್ಲಿ ಎರಡು ವರ್ಷಕ್ಕೂ ಹೆಚ್ಚು ಓಡಿಸಿದ್ದೇವೆ ಎಂಬುದಕ್ಕೆ ಅಧಿಕೃತ ದೃಢೀಕರಣ ಪತ್ರ ಕೊಟ್ಟರೆ, ಅಲ್ಲಿನ ಸರ್ಕಾರ ಕಾಯುವ ಅವಧಿ ಬಿಟ್ಟುಕೊಟ್ಟು, ಲಿಖಿತ ಪರೀಕ್ಷೆಯ ನಂತರ ನೇರವಾಗಿ ಕೊನೆಯ ಹಂತದ ಚಾಲನಾ ಪರೀಕ್ಷೆಗೆ ಕೂರಲು ಬಿಡುತ್ತದೆ. ಅದನ್ನು ಪಾಸಾದವರು "ಸರ್ಕಾರವೇ ನನ್ನ ಅನುಭವ ಒಪ್ಪಿದೆ" ಎಂದು ವಿಮೆಗೆ ಹೋದರೆ, ಹಲವು ಕಂಪನಿಗಳು ಕೆನಡಾ ಮತ್ತು ಅಮೆರಿಕದ ಅನುಭವವನ್ನಷ್ಟೇ ಎಣಿಸುತ್ತವೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ 1988ರ ಪ್ರೊಪೊಸಿಷನ್ 103ರ ಪ್ರಕಾರ ಬೆಲೆ ಕಟ್ಟುವಾಗ ಮೊದಲು ನೋಡಬೇಕಾದದ್ದು ಚಾಲಕರ ದಾಖಲೆ, ವರ್ಷಕ್ಕೆ ಓಡಿಸುವ ದೂರ, ಚಾಲನೆಯ ವರ್ಷಗಳು. ಒಳ್ಳೆಯ ಚಾಲಕರಿಗೆ ಕನಿಷ್ಠ ಶೇ. 20 ರಿಯಾಯಿತಿಯೂ ಇದೆ, ಆದರೆ ಅದಕ್ಕೆ ಮೂರು ವರ್ಷದ ಲೈಸೆನ್ಸ್ ಇರಬೇಕು. ನಮ್ಮ ಎನ್‌ಸಿಬಿ ಎಂಬ ಶೇಕಡಾವಾರಿಗೆ ಆ ಲೆಕ್ಕದಲ್ಲಿ ಕೂರಲು ಜಾಗವೇ ಇಲ್ಲ.

ಊರು ಬಿಡುವ ಮುನ್ನ ತೆಗೆದುಕೊಳ್ಳಬೇಕಾದ ಪತ್ರ

ಒಪ್ಪುವ ಕಂಪನಿ ಸಿಕ್ಕೀತೆಂಬ ಆಸೆಯಿದ್ದರೆ, ಮೈಸೂರಿನಲ್ಲಿ ಇರುವಾಗಲೇ ಕಾಗದ ಮಾಡಿಸಿಕೊಳ್ಳುವುದು ಸುಲಭ. ಕಾರು ಮಾರಿ ಆರ್‌ಸಿ ಹೊಸಬರ ಹೆಸರಿಗೆ ವರ್ಗವಾದ ಮೇಲೆ, ಅದರ ದಾಖಲೆ ತೋರಿಸಿ ವಿಮಾ ಕಂಪನಿಯಿಂದ ಎನ್‌ಸಿಬಿ ಉಳಿಕೆ ಪತ್ರ ಕೇಳಬೇಕು. ಕಾರು ಕೊಂಡವರಿಗೆ ನಮ್ಮ ಬೋನಸ್ ಹೋಗುವುದಿಲ್ಲ, ಅದು ನಮ್ಮ ಹೆಸರಿನಲ್ಲೇ ಉಳಿಯುತ್ತದೆ.

ಆದರೆ ಸಾಮಾನ್ಯವಾಗಿ ಕೊಡುವ ಆ ಪತ್ರದಲ್ಲಿ ಪಾಲಿಸಿ ನಂಬರು, ಕಾರಿನ ನಂಬರು, "ಶೇ. 50" ಎಂಬ ಅಂಕಿ ಇಷ್ಟೇ ಇರುತ್ತದೆ. ಇಂಗ್ಲೆಂಡಿನ ಕಂಪನಿಯ ಮೇಜಿನ ಮೇಲೆ ಅದು ಮೂಕ ಕಾಗದ. ಐದು ವರ್ಷವೋ ಹದಿನೈದೋ, ಪ್ರೊಟೆಕ್ಟ್ ಇತ್ತೋ ಇಲ್ಲವೋ, ಯಾವುದೂ ತಿಳಿಯದು. ಹಾಗಾಗಿ ಅದರ ಜೊತೆಗೆ ಎರಡನೆಯ ಪತ್ರವೊಂದನ್ನು ಬರೆದು ಕೇಳಿ: ಪ್ರತಿ ವರ್ಷದ ಪಾಲಿಸಿ ಶುರುವಾದ ಮತ್ತು ಮುಗಿದ ದಿನಾಂಕ, ಅದು ಖಾಸಗಿ ಕಾರು ಎಂಬ ಮಾತು, ಆಯಾ ವರ್ಷ ಕ್ಲೈಮ್ ಆಗಿತ್ತೇ ಇಲ್ಲವೇ ಎಂಬ ಸ್ಪಷ್ಟ ವಾಕ್ಯ, ಕೊನೆಯ ಪಾಲಿಸಿ ಮುಗಿದ ದಿನ. ಕಂಪನಿಯ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಇರಲಿ, ಸಹಿ ಮತ್ತು ವಿಚಾರಿಸಬಹುದಾದ ಅಧಿಕೃತ ಇಮೇಲ್ ಇರಲಿ. ನಡುವೆ ಕಂಪನಿ ಬದಲಿಸಿದ್ದರೆ ಹಿಂದಿನ ಕಂಪನಿಯಿಂದಲೂ ಬೇಕಾಗುತ್ತದೆ. ಶಾಖೆಯಲ್ಲಿ "ಇಂಥ ಪತ್ರ ಕೊಡೋ ರೂಢಿ ಇಲ್ಲ" ಎನ್ನಬಹುದು. ಆಗ ಐದೂ ವರ್ಷದ ಪಾಲಿಸಿ ಷೆಡ್ಯೂಲ್‌ಗಳ ಪಿಡಿಎಫ್ ಆದರೂ ಜೋಡಿಸಿಕೊಳ್ಳಿ. ಅವುಗಳಲ್ಲಿ ಎನ್‌ಸಿಬಿ 20, 25, 35 ಎಂದು ಮೆಟ್ಟಿಲು ಏರಿದ್ದು ಕಾಣುತ್ತದೆ.

ಹೆಸರಿನ ವಿಚಾರದಲ್ಲಿ ನಮ್ಮವರಿಗೆ ವಿಶೇಷ ಕಷ್ಟ. ಪಾಲಿಸಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿಯಾಗಿ, ಡಿಎಲ್‌ನಲ್ಲಿ ಮೂರನೆಯ ಬಗೆ. ಎದುರಿಗಿರುವ ಅಧಿಕಾರಿಗೆ ಇವರು ಮೂವರೂ ಬೇರೆ ಬೇರೆ ಜನ. ಪತ್ರದಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು ಬರೆಸಿಕೊಳ್ಳುವುದು, ಅಥವಾ ಎರಡೂ ಹೆಸರು ಒಬ್ಬರದೇ ಎಂಬ ಸಾಲು ಸೇರಿಸಿಕೊಳ್ಳುವುದು ಒಳ್ಳೆಯದು.

ವಾಪಸ್ ಬಂದಾಗ

ಈ ವಿಚಾರದಲ್ಲಿ ನಮಗೆ ಆಶ್ಚರ್ಯ ತಂದದ್ದು ಕೊನೆಯ ಸಂಗತಿ. ಹೊರಗಿನವರು ನಮ್ಮ ಬೋನಸ್ ಒಪ್ಪಬೇಕೆಂಬ ನಿಯಮ ಇಲ್ಲದಿದ್ದರೂ, ಹೊರಗಿನ ಬೋನಸ್ಸಿಗೆ ನಮ್ಮ ನಿಯಮದಲ್ಲಿ ಜಾಗವಿದೆ. ಮೇಲೆ ಹೇಳಿದ ಮೋಟಾರ್ ಟ್ಯಾರಿಫ್‌ನ 27ನೇ ಸಾಮಾನ್ಯ ನಿಯಮದಲ್ಲಿ ಇದು ಬರುತ್ತದೆ. ಪರದೇಶದಲ್ಲಿ ನೋ ಕ್ಲೈಮ್ ಬೋನಸ್ ಗಳಿಸಿದ್ದಕ್ಕೆ ಪುರಾವೆ ಕೊಟ್ಟರೆ, ಅಲ್ಲಿಯ ಪಾಲಿಸಿ ಮುಗಿದು ಮೂರು ವರ್ಷದೊಳಗೆ ಇಲ್ಲಿ ಹೊಸ ಪಾಲಿಸಿ ತೆಗೆದುಕೊಂಡಾಗ, ಅದನ್ನು ನೀಡಬಹುದು ಎಂದು ಅದು ಹೇಳುತ್ತದೆ. "ನೀಡಬಹುದು" ಎಂಬ ಪದ ಗಮನಿಸಿ, ಕೌಂಟರಿನಲ್ಲಿ ಕೂತವರಿಗೆ ಈ ನಿಯಮ ನೆನಪಿಲ್ಲದೆ ಇರಲೂಬಹುದು. ಕೇಳಿದರೆ ಸಿಗುವ ರಿಯಾಯಿತಿ ಇದು.

ಅಕ್ಕ ಊರು ಬಿಡುವಾಗ ಪಡೆದ ಭಾರತದ ಉಳಿಕೆ ಪತ್ರಕ್ಕೂ ಮೂರೇ ವರ್ಷದ ಆಯಸ್ಸು. ಅವಳು ಎರಡೂವರೆ ವರ್ಷಕ್ಕೆ ಹಿಂತಿರುಗಿ ಸಿದ್ಧಾರ್ಥನಗರದಲ್ಲಿ ಹೊಸ ಕಾರು ಕೊಂಡರೆ, ಆ ಹಳೆಯ ಶೇ. 50 ಪತ್ರವನ್ನೇ ಕೊಟ್ಟು ಮೊದಲ ವರ್ಷದಿಂದಲೇ ರಿಯಾಯಿತಿ ಪಡೆಯಬಹುದು. ನಾಲ್ಕು ವರ್ಷ ಇದ್ದು ಬಂದರೆ ಆ ಪತ್ರ ಸತ್ತಿರುತ್ತದೆ. ಆಗ ಕೆಲಸಕ್ಕೆ ಬರುವುದು ಇಂಗ್ಲೆಂಡಿನ ಕೊನೆಯ ಕಂಪನಿ ಕೊಟ್ಟ ನೋ ಕ್ಲೈಮ್ ಪುರಾವೆ. ಅಲ್ಲಿ ನಾಲ್ಕು ವರ್ಷ ಕ್ಲೈಮ್ ಇಲ್ಲದೆ ಓಡಿಸಿದ್ದರೆ, ಅದನ್ನು ಹಿಡಿದು ಇಲ್ಲಿಯ ಮೆಟ್ಟಿಲಿನಲ್ಲಿ ಶೇ. 45 ಕೇಳಬಹುದು. ಅವಳ ಇಂಗ್ಲೆಂಡಿನ ಪಾಲಿಸಿ 2027ರ ಮಾರ್ಚ್ 10ಕ್ಕೆ ಮುಗಿದರೆ ಇಲ್ಲಿ ಹೊಸ ಪಾಲಿಸಿ ತೆಗೆದುಕೊಳ್ಳಲು 2030ರ ಮಾರ್ಚ್ ಮೊದಲ ವಾರದವರೆಗೆ ಸಮಯ ಇರುತ್ತದೆ.

ಕಾರನ್ನು ಮಾರದೆ ಅಪ್ಪನ ವಶಕ್ಕೆ ಬಿಟ್ಟು ಹೋದವರಿಗೆ ಈ ಮೂರು ವರ್ಷದ ಸಲುಗೆ ಇಲ್ಲ. ಅವರ ಪಾಲಿಸಿಯ ಅವಧಿ ಮುಗಿದು 90 ದಿನದೊಳಗೆ ನವೀಕರಣ ಆಗದಿದ್ದರೆ ಬೋನಸ್ ಹೋಗುತ್ತದೆ. ನವೀಕರಣದ ಎಸ್‌ಎಂಎಸ್ ಬರುವುದು ಸ್ವಿಚ್ ಆಫ್ ಆಗಿರುವ ಹಳೆಯ ಸಿಮ್‌ಗೆ, ಕಾರು ಪೋರ್ಟಿಕೋ ಬಿಟ್ಟು ಅಲುಗದ್ದರಿಂದ ಮನೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಹೊರಡುವ ಮುನ್ನ ವಿಮಾ ಕಂಪನಿಯ ದಾಖಲೆಯಲ್ಲಿ ಅಪ್ಪನ ಮೊಬೈಲ್ ನಂಬರನ್ನು ಸೇರಿಸಿ ಹೋಗಿ.